ಅಕ್ಕನ ಕನ್ನಡಕಕ್ಕೆ ನಾನು ಬರೆದ ತೊಂಬತ್ತು

ಹುಬ್ಬಳ್ಳಿಯ ಕಮರಿಪೇಟೆಯ ಹತ್ತಿರ ಒಂದು ಕನ್ನಡಕದ ಅಂಗಡಿಯಲ್ಲಿ ಕೌಂಟರಿಗೆ ನಿಲ್ಲುವವಳು ನಾನು. ಓದಿದ್ದು ಏಳನೆಯ ಇಯತ್ತೆ. ಹಾಗಿದ್ದರೂ ಹೋದ ವರ್ಷ ಮಾಲಕರು ನನಗೊಂದು ಬರೆಯುವ ಕೆಲಸ ಕೊಟ್ಟರು. ಹಳ್ಳಿಗಳಿಂದ ಬರುವ ಗಿರಾಕಿಗಳು ಡಾಕ್ಟರು ಕೊಟ್ಟ ಚೀಟಿ ಹಿಡಿದು ಇದರಲ್ಲಿ ಏನು ಬರೆದಿದೆ ಎಂದು ಕೇಳುತ್ತಲೇ ಇರುತ್ತಾರೆ. ಸ್ಫಿಯರ್, ಸಿಲಿಂಡರ್, ಆಕ್ಸಿಸ್ ಎಂಬ ಮೂರು ಮಾತನ್ನು ಕನ್ನಡದಲ್ಲಿ ತಿಳಿಸುವ ಒಂದು ಕಾರ್ಡು ಮಾಡಿ ಚೀಟಿಯ ಜೊತೆ ಕೊಡೋಣ ಎಂದು ಅವರಿಗೆ ಅನ್ನಿಸಿತು. ಕಲಿತವರು ಬರೆದರೆ ಆ ಕನ್ನಡಕ್ಕೇ ಇನ್ನೊಂದು ಕಾರ್ಡು ಬೇಕಾಗುತ್ತದೆ, ನೀನೇ ಬರೆ, ವಾರಕ್ಕೆರಡು ದಿನ ಕಣ್ಣು ಪರೀಕ್ಷೆಗೆ ಬರುವ ಮೇಡಂ ತಿದ್ದುತ್ತಾರೆ ಎಂದರು.

ನಾನು ಅಂದು ಸಂಜೆಯೇ ಧಾರವಾಡದಲ್ಲಿರುವ ಅಕ್ಕನಿಗೆ ಫೋನು ಮಾಡಿ ಕೊಚ್ಚಿಕೊಂಡೆ.

ಅಕ್ಕ ಕಸೂತಿ ಹಾಕುತ್ತಾಳೆ. ಬಟ್ಟೆಯ ಎಳೆ ಎಣಿಸಿ ಎಣಿಸಿ, ಗಂಟು ಹಾಕದೆ, ಎರಡೂ ಮಗ್ಗುಲು ಒಂದೇ ತರಹ ಕಾಣುವಂತೆ ಗೋಪುರ, ಆನೆ, ತೊಟ್ಟಿಲು ತೆಗೆಯುವ ಕೆಲಸ. ಒಂದು ಎಳೆ ತಪ್ಪಿದರೆ ಹೋದ ದಾರ ಹೊರಟಲ್ಲಿಗೆ ಬಂದು ಕೂಡುವುದಿಲ್ಲ. ಕಣ್ಣು ಮಂಜಾಗುತ್ತಿದೆ ಎಂದು ಅವಳು ದೊಡ್ಡಾಸ್ಪತ್ರೆಯಲ್ಲಿ ತೋರಿಸಿಕೊಂಡಿದ್ದಳು. ಅಷ್ಟರಲ್ಲಿ ಓಣಿಯಲ್ಲೇ ಕಣ್ಣಿನ ಶಿಬಿರ ನಡೆದಾಗ ಅಲ್ಲಿಯೂ ಹೋಗಿ ಕೂತಳು. ಎರಡೂ ಕಡೆ ಹತ್ತಿರದ ಕೆಲಸಕ್ಕೆಂದು ಚೀಟಿ ಬರೆದುಕೊಟ್ಟರು. ನಾನು ಫೋನು ಮಾಡಿದ ಮೇಲೆ ಎರಡನ್ನೂ ತೆಗೆದುಕೊಂಡು ಅಂಗಡಿಗೆ ಬಂದಳು. ತಂಗಿ ಕನ್ನಡ ಮಾಡಿ ಹೇಳುತ್ತಾಳಲ್ಲ!

ನಾನು ಎರಡು ಚೀಟಿಯನ್ನೂ ಒಂದೇ ಹಾಳೆಯ ಮೇಲೆ ಕನ್ನಡದಲ್ಲಿ ಬರೆದೆ, ಸ್ಫಿಯರಿಗೆ ಗೋಳ, ಆಕ್ಸಿಸಿಗೆ ಅಕ್ಷ ಎಂದು. ಎರಡೂ ಕಣ್ಣಿಗೆ ಒಂದೇ ನಂಬರು. ಆಸ್ಪತ್ರೆಯದು: ಗೋಳ ಪ್ಲಸ್ ಎರಡು, ಸಿಲಿಂಡರ್ ಮೈನಸ್ ಒಂದು, ಅಕ್ಷ ನೂರಾ ಎಂಬತ್ತು. ಶಿಬಿರದ್ದು: ಗೋಳ ಪ್ಲಸ್ ಒಂದು, ಸಿಲಿಂಡರ್ ಪ್ಲಸ್ ಒಂದು, ಅಕ್ಷ ತೊಂಬತ್ತು.

ಅಕ್ಕ ಓದಿ ನಕ್ಕಳು. "ಇವು ಇಬ್ಬರು ಹೆಂಗಸರ ಕಣ್ಣು ಅದಾವಲ್ಲಲೇ. ನಾ ಯಾವಾಕಿ ಇದರಾಗ?"

ಮರುದಿನ ಮೇಡಂ ಬರುವವರಿದ್ದರು. ಕೇಳಿ ಹೇಳುತ್ತೇನೆ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಕಾರ್ಡು ಬರೆಯುವವಳು ನಾನು, ನನಗೇ ಗೊತ್ತಿಲ್ಲ ಎನ್ನುವುದು ಹೇಗೆ? ಆಸ್ಪತ್ರೆಯ ಚೀಟಿಯೇ ಸರಿ ಎಂದು ತೀರ್ಪು ಕೊಟ್ಟೆ. ಅಷ್ಟಕ್ಕೆ ಬಿಟ್ಟಿದ್ದರೂ ಅಕ್ಕ ಬಚಾವಾಗುತ್ತಿದ್ದಳು. ಆದರೆ ನೂರಾ ಎಂಬತ್ತು ನನಗೆ ವಿಪರೀತ ಅನ್ನಿಸಿತು. ಜ್ವರದ ಹಾಗೆ, ಸಕ್ಕರೆ ಕಾಯಿಲೆಯ ಹಾಗೆ, ಸಂಖ್ಯೆ ಏರಿದಷ್ಟೂ ರೋಗ ಹೆಚ್ಚು ಎಂದು ತಿಳಿದಿದ್ದೆ. ಶಿಬಿರದವರು ಅದರ ಅರ್ಧ ಬರೆದಿದ್ದಾರಲ್ಲ, ಕಡಿಮೆ ಇದ್ದದ್ದು ಒಳ್ಳೆಯದು ಎಂದುಕೊಂಡೆ. ಆರ್ಡರಿನಲ್ಲಿ ಗೋಳ ಮತ್ತು ಸಿಲಿಂಡರ್ ಆಸ್ಪತ್ರೆಯದು ಬರೆದು, ಅಕ್ಷ ಮಾತ್ರ ತೊಂಬತ್ತು ಮಾಡಿದೆ. ಅಕ್ಕನ ಮೇಲಿನ ಪ್ರೀತಿಗೆ ಕೊಟ್ಟ ರಿಯಾಯಿತಿ ಅದು.

ಕನ್ನಡಕ ಬಂತು. ಅಕ್ಕ ಹಾಕಿ ನೋಡಿ, ಚೌಕ ಡಬ್ಬಿ ಉದ್ದವಾಗಿ ಕಾಣುತ್ತದೆ, ಬಟ್ಟೆಯ ಅಡ್ಡ ಎಳೆ, ಉದ್ದ ಎಳೆ ಒಟ್ಟಿಗೆ ಕಣ್ಣಿಗೆ ನಿಲ್ಲುವುದಿಲ್ಲ ಎಂದಳು. ಸಿಲಿಂಡರ್ ಇದ್ದ ಕನ್ನಡಕ ಮೊದಲ ಸಲ ಹಾಕಿದವರೆಲ್ಲ ಹೀಗೇ ಏನಾದರೂ ಹೇಳುತ್ತಾರೆ. ನಾನು ಗಿರಾಕಿಗಳಿಗೆ ಹೇಳುವ ಮಾತನ್ನೇ ಹೇಳಿದೆ, ರೂಢಿಯಾಗುತ್ತದೆ.

ಅವಳು ನಂಬಿ ಹಾಕಿಕೊಂಡಳು. ಆಗ ಅವಳ ಕೈಯಲ್ಲಿ ಸಂಗೀತದವರ ಮನೆಯೊಂದರ ಮದುವೆಯ ಸೀರೆಯಿತ್ತು. ಸೆರಗಿನ ಗೋಪುರಗಳು ಒಂದೂ ಕೂಡಲಿಲ್ಲ. ಬಿಚ್ಚಿದಳು, ಮತ್ತೆ ಹಾಕಿದಳು, ಮತ್ತೆ ಬಿಚ್ಚಿದಳು. ಒಂದು ದಿನ ಫೋನಿನಲ್ಲಿ ತಣ್ಣಗೆ ಹೇಳಿದಳು:

"ನನ್ನ ಕಣ್ಣು ಮುಗದುವು ಬಿಡು. ಮುಂದಿನ ವಾರ ಸೀರಿ ತಿರುಗಿ ಕೊಟ್ಟು ಬರತೇನಿ. ಸೂಜಿ ನಿನಗ ಕೊಡ್ತೇನಿ, ಗುಂಡಿ ಹಚ್ಚಾಕರ ಬೇಕಾಗ್ತದ."

ನಾನು ನಕ್ಕೆ. ಫೋನಿಟ್ಟ ಮೇಲೆ ನಗು ಬರಲಿಲ್ಲ.

ಆ ವಾರವೇ ಮೇಡಂ ನನ್ನ ಕಾರ್ಡು ತಿದ್ದಲು ಕೂತರು. ಗೋಳ ಎಂದರೆ ಎಲ್ಲ ದಿಕ್ಕಿಗೂ ಸಮನಾದ ನಂಬರು ಎಂಬುದಕ್ಕೆ ತಲೆಯಾಡಿಸಿದರು. ಸಿಲಿಂಡರ್ ಎಂದರೆ ಒಂದು ದಿಕ್ಕಿಗೆ ಮಾತ್ರ ಸೇರುವ ನಂಬರು ಎಂಬುದೂ ಸರಿ ಎಂದರು. ಅಕ್ಷದ ಮುಂದೆ ನಾನು 'ದೋಷ ಎಷ್ಟು ಜೋರಾಗಿದೆ ಎಂಬ ಲೆಕ್ಕ' ಎಂದು ಬರೆದಿದ್ದೆ. ಅವರು ಪೆನ್ನು ಕೆಳಗಿಟ್ಟರು. ಪರೀಕ್ಷೆಯ ಪೆಟ್ಟಿಗೆಯಿಂದ ಒಂದು ಸಿಲಿಂಡರ್ ಗಾಜು ತೆಗೆದು, ಹಾಳೆಯ ಮೇಲೆ ಅಡ್ಡ ಒಂದು, ಉದ್ದ ಒಂದು ಗೆರೆ ಎಳೆದು, ಗಾಜನ್ನು ಮೇಲೆ ಹಿಡಿದು ಮೆಲ್ಲಗೆ ತಿರುಗಿಸಿದರು. ಗೆರೆಗಳು ಕತ್ತರಿಯ ಹಾಗೆ ಓರೆಯಾಗಿ, ಮತ್ತೆ ನೆಟ್ಟಗಾದವು.

"ಗಾಜು ಅದs ಐತಿ, ನಂಬರ್ ಅದs ಐತಿ. ಯಾ ಓರಿಗೆ ಕೂಡಸಬೇಕು ಅನ್ನೂದಷ್ಟs ಅಕ್ಷ. ನೂರಾ ಎಂಬತ್ತು ಅಂದ್ರ ಅಡ್ಡ, ತೊಂಬತ್ತು ಅಂದ್ರ ಉದ್ದ. ಜಾಸ್ತಿ ಕಡಿಮಿ ಮಾತs ಇಲ್ಲ ಇದರಾಗ."

ನಾನು ಯಾರೋ ಒಬ್ಬ ಗಿರಾಕಿಯ ಹತ್ತಿರ ಇಂಥ ಎರಡು ಚೀಟಿ ಇದ್ದವು ಎಂದು ನಂಬರು ಹೇಳಿದೆ. ಎರಡೂ ಒಂದೇ ಎಂದರು ಮೇಡಂ. ಕೆಲವರು ಸಿಲಿಂಡರನ್ನು ಮೈನಸ್ಸಿನಲ್ಲಿ ಬರೆಯುತ್ತಾರೆ, ಕೆಲವರು ಪ್ಲಸ್ಸಿನಲ್ಲಿ. ಒಂದನ್ನು ಇನ್ನೊಂದಾಗಿಸಲು ಗೋಳಕ್ಕೆ ಸಿಲಿಂಡರ್ ಕೂಡಿಸಬೇಕು, ಸಿಲಿಂಡರಿನ ಚಿಹ್ನೆ ಬದಲಿಸಬೇಕು, ಅಕ್ಷವನ್ನು ತೊಂಬತ್ತು ತಿರುಗಿಸಬೇಕು. ಪ್ಲಸ್ ಎರಡರಲ್ಲಿ ಒಂದು ಹೋದರೆ ಪ್ಲಸ್ ಒಂದು. ಮೈನಸ್ ಒಂದು, ಪ್ಲಸ್ ಒಂದಾಯಿತು. ನೂರಾ ಎಂಬತ್ತು, ತೊಂಬತ್ತಾಯಿತು. ಯಾವುದನ್ನು ಹಾಕಿದರೂ ಗಾಜು ಒಂದೇ. ಎರಡನ್ನೂ ಬೆರೆಸಬಾರದು ಅಷ್ಟೇ, ಎಂದು ಸೇರಿಸಿ ನನ್ನ ಮುಖ ನೋಡಿದರು. ನಾನು ಗಾಜು ಒರೆಸಲು ಎದ್ದೆ.

ಹೊಸ ಗಾಜು ಸರಿಯಾದ ಅಕ್ಷಕ್ಕೆ ಮಾಡಿಸಿ ಕಳಿಸಿದೆ. ನಮ್ಮ ಅಂಗಡಿಯಲ್ಲಿ ಗಾಜು ಕೂಡಿಸುವವರ ಕೈತಪ್ಪು ಎಂದು ಅಕ್ಕನಿಗೆ ಹೇಳಿದೆ. ನಾನು ಒಪ್ಪಿಕೊಳ್ಳಬೇಕಾದ ದೊಡ್ಡ ತಪ್ಪು ಇದೇ. ತೊಂಬತ್ತು ಬರೆದದ್ದು ತಿಳಿಯದೆ. ಇದನ್ನು ಹೇಳಿದ್ದು ತಿಳಿದೇ.

ಆದರೆ ನನ್ನ ಅಕ್ಕನ ಗುಣ ನಾನು ಮರೆತಿದ್ದೆ. ಎರಡನೆಯ ದಿನ ಮುಂಜಾನೆ ಹೊಸ ಕನ್ನಡಕ ಹಾಕಿಕೊಂಡು, ಸೀರೆ ಚೀಲದಲ್ಲಿಟ್ಟುಕೊಂಡು, ನೇರ ಅಂಗಡಿಗೇ ಬಂದಳು. ಮಾಲಕರಿಗೆ ನಮಸ್ಕಾರ ಹೇಳಿ, ಗಾಜು ಕೂಡಿಸುವವರು ಎಲ್ಲಿದ್ದಾರೆ ತೋರಿಸಿರಿ ಎಂದಳು. ಒಳಗಿನಿಂದ ಅವರು ಕೈ ಒರೆಸಿಕೊಳ್ಳುತ್ತ ಬಂದರು. ಇಡೀ ದಿನ ಗಾಜು ತಿಕ್ಕುತ್ತ ಕೂರುವ, ಮಾತು ಕಡಿಮೆಯ ಮನುಷ್ಯ.

"ಅಣ್ಣಾರ, ನಿಮ್ಮ ಸಲುವಾಗಿ ಎಷ್ಟು ಗೋಪುರ ಕೆಡವಿ ಕಟ್ಟೇನಿ ನೋಡ್ರಿಲ್ಲೆ," ಎಂದು ಸೆರಗು ಬಿಚ್ಚಿ ಕೌಂಟರಿನ ಮೇಲೆ ಹರಡಿದಳು.

ಅವರು ಸೆರಗು ನೋಡಿದರು, ನನ್ನನ್ನು ನೋಡಿದರು. ಆರ್ಡರು ಯಾರ ಅಕ್ಷರದಲ್ಲಿತ್ತು ಎಂಬುದು ಅವರಿಗೆ ಗೊತ್ತು. ಆದರೂ ತಪ್ಪಾತ್ರಿ ಅಕ್ಕಾರ ಎನ್ನಲು ಬಾಯಿ ತೆರೆದೇಬಿಟ್ಟರು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಅಕ್ಕಾ, ಅವರದಲ್ಲ. ನಾನs ಬರದದ್ದು. ನೂರಾ ಎಂಬತ್ತು ಭಾಳ ಆತು ಅಂತ ನಿನಗ ಅರ್ಧಾ ಮಾಡಿದ್ನಿ."

ಮೊದಲು ನಕ್ಕವರು ಮಾಲಕರು, ಆಮೇಲೆ ಗಾಜಿನವರು. ಅಕ್ಕ ನಗಲಿಲ್ಲ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ದಿಟ್ಟಿಸಿದಳು.

"ಈಗ ನೆಟ್ಟಗ ಕಾಣಾಕತ್ತಿ ನೋಡು. ಅರ್ಧಾ ಮಾಡ್ತಾಳಂತ! ಕಣ್ಣಂದ್ರ ಬದನಿಕಾಯಿ ಅಂತ ತಿಳದೀಯೇನು?"

ನಾನು ಗಾಜಿನವರಿಗೂ ತಪ್ಪಾಯಿತೆಂದೆ. ಅಕ್ಕ ಕಾರ್ಡಿನಲ್ಲಿ ಏನು ಬರೆದಿದ್ದೀ ಎಂದು ಕೇಳಿದಳು. ಅಕ್ಷದ ಹಳೆಯ ಸಾಲು ಹೊಡೆದುಹಾಕಿದ್ದೆ, ಹೊಸದು ಇನ್ನೂ ಬರೆದಿರಲಿಲ್ಲ. ಸೀರೆಯ ಚುಂಗು ಹಿಡಿದು ಎಲ್ಲ ಕಡೆಗೂ ಸಮನಾಗಿ ಎಳೆದು ಇದು ಗೋಳವೋ ಎಂದಳು. ಒಂದೇ ಕಡೆಗೆ ಎಳೆದು ಇದು ಸಿಲಿಂಡರೋ ಎಂದಳು. ಹೌದೆಂದೆ. ಹಾಗಾದರೆ ಎಳೆತ ಯಾವ ಕಡೆಗೆ, ಅಡ್ಡ ಎಳೆಗೋ ಉದ್ದ ಎಳೆಗೋ, ಅದೇ ನಿನ್ನ ಅಕ್ಷ ಎಂದಳು. ನಾನು ಅದನ್ನೇ ಕಾರ್ಡಿನಲ್ಲಿ ಬರೆದೆ. ಮೇಡಂ ಆ ಮಾತನ್ನು ಹಾಗೆಯೇ ಉಳಿಸಿ, 'ಸಂಖ್ಯೆ ದೊಡ್ಡದಾದರೆ ದೋಷ ದೊಡ್ಡದಲ್ಲ' ಎಂದು ಕೆಳಗೆ ಸೇರಿಸಿದರು. ಮುಗದ ಹಳ್ಳಿಯ ಕಡೆಯಿಂದ ಬರುವ ಹೆಂಗಸರು ಈಗ ಕಾರ್ಡು ಓದುತ್ತ ತಮ್ಮ ಸೆರಗು ಎಳೆದು ನೋಡುತ್ತಾರೆ.

ಆ ಭಾನುವಾರ ಅಕ್ಕ ನನ್ನನ್ನು ಧಾರವಾಡಕ್ಕೆ ಕರೆಸಿ ಪಕ್ಕದಲ್ಲಿ ಕೂಡಿಸಿಕೊಂಡಳು. ಕೂಡದ ಗೋಪುರಗಳನ್ನೆಲ್ಲ ನಾನೇ ಬಿಚ್ಚಬೇಕು, ಬಟ್ಟೆಯ ಎಳೆ ಹರಿಯಬಾರದು. ನಾನು ಬಿಚ್ಚಿದ ಕಡೆ ಅವಳು ಹಾಕುತ್ತ ಬಂದಳು. ಸಂಜೆಗೆ ಮೊದಲನೆಯ ಗೋಪುರದ ದಾರ ಹೊರಟಲ್ಲಿಗೆ ಬಂದು ಕೂಡಿತು. ಅಕ್ಕ ಸೆರಗು ತಿರುವಿ ಹಿಂದಿನ ಮಗ್ಗುಲನ್ನೂ ನೋಡಿ, ಚಹಾ ಮಾಡು ಹೋಗು, ಸಕ್ಕರೆ ಮಾತ್ರ ಅರ್ಧ ಮಾಡಬೇಡ ಎಂದಳು.