ಬಣ್ಣದ್ದೆಲ್ಲ ಇಂದಿನದು

ನೆನಪು, ಕನಸು ಅಂತ ಕಥೆ ಕಟ್ಟಿ ನೋಡುವವರ ತಲೆ ತಿರುಗಿಸುವ ಸಿನಿಮಾಗಳಿವೆಯಲ್ಲ, ಅವನ್ನು ನೋಡಿ ಬಂದು "ತಲೆ ಮ್ಯಾಲ್ ಓಯ್ತು ಕಣ್ಲಾ" ಎಂದು ಹಲ್ಲು ಬಿಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮಂಡ್ಯದಲ್ಲಿ ನಾನು ಕಾಫಿ ಕುಡಿಯುವ ಹೋಟೆಲಿನಲ್ಲಿ ಇಂಥವರದೇ ಒಂದು ಮೇಜಿದೆ. ಅದೇ ಮೇಜಿನಲ್ಲಿ ಇನ್ನೊಬ್ಬ ಕೂರುತ್ತಾನೆ. ಅವನು ಸಿನಿಮಾ ನೋಡುವುದೇ ಇಲ್ಲ, ಮೊಬೈಲಿನಲ್ಲಿ ಅದರ ಕೊನೆಯನ್ನು ವಿವರಿಸುವ ಹತ್ತು ನಿಮಿಷದ ವಿಡಿಯೊ ನೋಡಿ ಬಂದು ಪಾಠ ಮಾಡುತ್ತಾನೆ. ನಾನು ಭಾರತೀನಗರದ ಕಾಲೇಜೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಕನ್ನಡ ಮೇಷ್ಟ್ರು. ಪಾಠ ಮಾಡುವ ಹಕ್ಕು ನನ್ನದು ಎಂದು ನಂಬಿದ್ದವನು.

ಬಂಡೂರಿನಲ್ಲಿ ನನ್ನ ಅಕ್ಕನ ಮನೆ. ಬಾವ ಕುರಿ ಸಾಕುತ್ತಾರೆ. ಅವರ ಒಬ್ಬಳೇ ಮಗಳು ನಮ್ಮ ಕಾಲೇಜಿನಲ್ಲೇ ಪದವಿ ಮುಗಿಸಿ, ಹೊರರಾಜ್ಯದ ಒಂದು ಸಂಸ್ಥೆಯಲ್ಲಿ ಸಿನಿಮಾ ಸಂಕಲನ ಕಲಿಯುತ್ತೇನೆ ಎಂದು ಹಟ ಹಿಡಿದಳು. ಪ್ರವೇಶ ಪರೀಕ್ಷೆ ಬರೆದು ಪಾಸೂ ಆಗಿದ್ದಳು. ಹಾಸ್ಟೆಲ್ಲಿನ ಅರ್ಜಿಗೆ ಅಪ್ಪನ ಸಹಿ ಬೇಕಿತ್ತು, ಅದಕ್ಕೆ ಉಳಿದಿದ್ದು ಆರು ವಾರ. ಬಾವನಿಗೆ ಎಡಿಟಿಂಗ್ ಎಂದರೆ ಏನೆಂದು ಗೊತ್ತಿರಲಿಲ್ಲ.

"ಕತ್ರಿಸಿ ಅಂಟ್ಸೋದು ಕಲಿಯಾಕೆ ಮೂರು ವರ್ಸವಾ?" ಎಂದು ಕೇಳಿದರು. ಆಮೇಲೆ ಅವರೇ ಒಂದು ತೀರ್ಮಾನಕ್ಕೆ ಬಂದರು. "ನೀನು ಕಲಿಯೋದು ಏನೂಂತ ನಂಗೆ ಅರ್ಥ ಆಗ್ಬೇಕು. ಆದ್ರೆ ಸೈನ್ ಆಕ್ತೀನಿ. ಆಗ್ದಿದ್ರೆ ಸುಮ್ನೆ ಬಿ.ಎಡ್. ಮಾಡು."

ಅರ್ಥ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಭಾನುವಾರಕ್ಕೊಂದರಂತೆ ಐದು ಸಿನಿಮಾ ತೋರಿಸುತ್ತೇನೆ ಎಂದೆ. ಎಲ್ಲವೂ ಕನಸು ಮತ್ತು ನೆನಪಿನವು, ಏಕೆಂದರೆ ಅಲ್ಲಿ ಕತ್ತರಿ ಕಣ್ಣಿಗೆ ಕಾಣುತ್ತದೆ. ಮನುಷ್ಯ ನೆನೆಯುವುದನ್ನು ಕ್ಯಾಮೆರಾ ಹಿಡಿಯಲಾರದು. ಒಂದು ಮುಖ, ಆಮೇಲೆ ಒಂದು ಹಳೆಯ ಅಂಗಳ, ಎರಡನ್ನೂ ಒಂದರ ಪಕ್ಕ ಒಂದು ಜೋಡಿಸಿದರೆ ಮಾತ್ರ ನೋಡುವವರು 'ಇವನು ನೆನೆಯುತ್ತಿದ್ದಾನೆ' ಅಂದುಕೊಳ್ಳುತ್ತಾರೆ. ಸುಲಭದ್ದರಿಂದ ಶುರು ಮಾಡಿ ಕಷ್ಟದ್ದಕ್ಕೆ ಹೋಗುವುದು ನನ್ನ ಯೋಜನೆ. ಬಾವ ಮೂರನೆಯದಕ್ಕೆ ಗೊರಕೆ ಹೊಡೆಯುತ್ತಾರೆ ಎಂದು ಮನಸ್ಸಿನಲ್ಲೇ ನಕ್ಕಿದ್ದೆ.

ಭಾನುವಾರ ಬೆಳಿಗ್ಗೆ ಮಂಡ್ಯದಲ್ಲಿ ಬಸ್ಸು ಹತ್ತಿ, ಮದ್ದೂರಿನಲ್ಲಿ ಇಳಿದು, ಮಳವಳ್ಳಿಯ ಬಸ್ಸು ಹಿಡಿದು, ಅಲ್ಲಿಂದ ಆಟೋದಲ್ಲಿ ಬಂಡೂರು. ಪೆನ್ ಡ್ರೈವ್ ಅಂಗಿಯ ಜೇಬಿನಲ್ಲಿರುತ್ತಿತ್ತು. ಊಟವಾದ ಮೇಲೆ ನಡುಮನೆಯ ಟಿವಿಗೆ ಅದನ್ನು ಸಿಕ್ಕಿಸುತ್ತಿದ್ದೆವು. ಪರಭಾಷೆಯ ಮಾತನ್ನು ಸೊಸೆ ಮೆಲ್ಲಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಅಕ್ಕನ ಮಗಳನ್ನು ನಾನು ಕರೆಯುವುದು ಸೊಸೆ ಎಂದೇ.

ಮೊದಲನೆಯದು ಮಕ್ಕಳಿಗೂ ತಿಳಿಯುವಂಥದ್ದು. ಒಬ್ಬನೇ ಮಲಗುತ್ತಾನೆ, ಒಂದೇ ಕನಸು, ಕೊನೆಗೆ ಎದ್ದು ಕೂರುತ್ತಾನೆ. ಕನಸಿನೊಳಗೆ ಹೋಗುವಾಗ ಚಿತ್ರ ಮಂಜಾಗುತ್ತದೆ, ಕನಸಿನ ನಿಯಮಗಳನ್ನು ಒಂದು ಪಾತ್ರ ಮೊದಲೇ ಹೇಳಿಬಿಡುತ್ತದೆ. ಬಾವ ಎಲೆಯಡಿಕೆ ಜಗಿಯುತ್ತಾ ಪೂರ್ತಿ ನೋಡಿದರು. ಎರಡನೆಯದರಲ್ಲಿ ಒಬ್ಬ ಬಡಗಿಯ ಜೀವನ ಹಿಂದುಮುಂದಾಗಿ ಬರುತ್ತದೆ. ದಾರಿ ತೋರಿಸುವುದು ಅವನ ಕೈ. ಹಸಿ ಗಾಯವಿದ್ದರೆ ಒಂದು ಕಾಲ, ಹೊಲಿಗೆ ಇದ್ದರೆ ಮುಂದಿನದು, ಬರೀ ಕಲೆಯಾಗಿದ್ದರೆ ಇನ್ನೂ ಮುಂದಿನದು. ನಾನು ಹೇಳುವುದಕ್ಕೆ ಮೊದಲೇ ಬಾವ "ಕೈ ನೋಡ್ಕಂಡ್ರೆ ಆಯ್ತಲ್ಲ" ಎಂದರು. ನನಗೆ ಇಷ್ಟವಾಗಲಿಲ್ಲ. ಮೂರನೆಯದು ಕನಸಿನೊಳಗೆ ಕನಸು. ಹೊರಗಿನ ಕನಸಿನಲ್ಲಿ ಬೆಳಕು ಹಳದಿ, ಒಳಗಿನದರಲ್ಲಿ ನೀಲಿ, ಇನ್ನೂ ಒಳಗೆ ನೆರಳೇ ಇಲ್ಲ. ಹೊರಗೆ ಹೊಡೆಯುವ ಅಲಾರಂ ಒಳಗಿನ ಕನಸಿನಲ್ಲಿ ಶಾಲೆಯ ಗಂಟೆಯಾಗಿ ಕೇಳುತ್ತದೆ.

"ಮಲಗಿದ್ದಾಗ ಕುಕ್ಕರ್ ಕೂಗಿದ್ರೆ ನಂಗೂ ಕನಸ್ನಾಗೆ ರೈಲು ಬತ್ತದೆ" ಎಂದಳು ಅಕ್ಕ.

ಅದು ಸರಿಯಾದ ಮಾತೇ. ಆದರೂ ನಾನು, ಅದು ಅಷ್ಟು ಸರಳವಲ್ಲ ಅಕ್ಕ ಎಂದು ಹೇಳಿ ಅರ್ಧ ಗಂಟೆ ಕೊರೆದೆ. ಗೊರಕೆ ಯಾರಿಂದಲೂ ಬರಲಿಲ್ಲ.

ನಾಲ್ಕನೆಯ ಭಾನುವಾರ ನನಗೆ ಕಾಲೇಜಿನಲ್ಲಿ ಯಾವುದೋ ನೇಮಕಾತಿ ಪರೀಕ್ಷೆಯ ಮೇಲ್ವಿಚಾರಣೆ, ಪೆನ್ ಡ್ರೈವನ್ನು ಹಿಂದಿನ ವಾರವೇ ಅಲ್ಲಿ ಬಿಟ್ಟು ಬಂದಿದ್ದೆ. ಫೋನಿನಲ್ಲೇ ಬಾವನಿಗೆ ಆ ಸಿನಿಮಾದ ಬೀಗದ ಕೈ ಕೊಟ್ಟೆ. ಕಥೆಯಲ್ಲಿ ಒಬ್ಬ ಮುದುಕನಿಗೆ ನದಿಯಲ್ಲಿ ಒಂದು ಪೆಟ್ಟಿಗೆ ಸಿಗುತ್ತದೆ. ಅದನ್ನು ಮನೆಗೆ ತಂದು, ತೆರೆದು, ಅದರೊಳಗಿನ ಕಾಗದಗಳನ್ನು ಓದುವುದೆಲ್ಲ ಕಪ್ಪು ಬಿಳುಪಿನಲ್ಲಿದೆ. ಎಷ್ಟೋ ವರ್ಷದ ಮೇಲೆ ಅದೇ ಪೆಟ್ಟಿಗೆಯನ್ನು ಹೊತ್ತುಕೊಂಡು ಹೋಗಿ ನದಿಗೆ ಬಿಡುವುದು ಬಣ್ಣದಲ್ಲಿದೆ. ಎರಡನ್ನೂ ಚೂರು ಚೂರು ಮಾಡಿ ಹೆಣೆದಿದ್ದಾರೆ. ಸೊಸೆ ಅವತ್ತು ಮಳವಳ್ಳಿಗೆ ಸರ್ಟಿಫಿಕೇಟುಗಳ ಜೆರಾಕ್ಸ್ ಮಾಡಿಸಲೆಂದು ಹೋಗಿದ್ದಳು, ಮಾತು ಹೇಳಲು ಜನವಿಲ್ಲ. ಆದರೆ ಆ ಸಿನಿಮಾದಲ್ಲಿ ಮಾತೇ ಕಡಿಮೆ.

ನಾನು ನನ್ನ ಅಚ್ಚುಕಟ್ಟು ಕನ್ನಡದಲ್ಲಿ, "ಬಣ್ಣದಲ್ಲಿ ಇರುವುದೆಲ್ಲ ಇಂದಿನದು ಅಂತ ತಿಳಿದುಕೊಳ್ಳಿ ಬಾವ, ಉಳಿದದ್ದು ತಾನಾಗಿಯೇ ಗೊತ್ತಾಗುತ್ತದೆ" ಎಂದೆ.

"ಬಣ್ಣದ್ದೆಲ್ಲ ಇಂದಿಂದು. ಸರಿ ಬುಡಿ ಮೇಷ್ಟ್ರೆ" ಎಂದರು.

ಐದನೆಯ ಭಾನುವಾರ ಹೋದಾಗ ಬಾವ ಖುಷಿಯಲ್ಲಿದ್ದರು. "ಪಾಪ, ಮುದುಕ ಪೆಟ್ಟಿಗೆ ಕಳ್ಕಂಡು, ಕೊನೆಗೆ ಎಂಗೋ ಸಿಕ್ತು. ಒಳ್ಳೆ ಪಿಚ್ಚರ್" ಎಂದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಪೂರ್ತಿ ತಿರುವುಮುರುವು. ನಾಲ್ಕು ವಾರದ ನಂತರ ಕೊನೆಗೂ ನನ್ನ ಅಂದಾಜು ನಿಜವಾಯಿತು ಎನ್ನುವ ನೀಚ ಸಮಾಧಾನ ಅದು. ಸೊಸೆಯ ಮುಖ ಕಪ್ಪಿಟ್ಟಿತು. ಅವಳ ಮೂರು ವರ್ಷ ಆ ನಗುವಿನ ಮೇಲೆ ನಿಂತಿತ್ತು, ಅದು ನನಗೂ ಗೊತ್ತಿತ್ತು.

ಬಾವ ಮಾತ್ರ ತಲೆ ಕೆರೆದುಕೊಂಡರು. "ಒಂದೇ ಸರ್ಯಾಗ್ನಿಲ್ಲ. ಕಳ್ಕಳೋವಾಗ ಪೆಟ್ಟಿಗೆ ಮೂಲೆ ನೆಗ್ಗಿತ್ತು. ಸಿಕ್ಕಿದ ಮ್ಯಾಲೆ ನೆಟ್ಟಗೈತೆ. ನೀರ್ನಾಗೆ ಯಾರು ರಿಪೇರಿ ಮಾಡಿದ್ರು?"

ಸೊಸೆ ಥಟ್ಟನೆ ಎದ್ದು ಕೂತಳು. "ಅಪ್ಪ, ಮಾವ ಫೋನ್ನಲ್ಲಿ ಏನು ಹೇಳಿದ್ರು, ಅಂಗೇ ಹೇಳು."

"ಬಣ್ಣದ್ದೆಲ್ಲ ಇಂದಿಂದು ಅಂದ್ರು. ಇಂದೆ ನಡ್ದಿದ್ದು."

ಅವಳು ನನ್ನ ಮುಖ ನೋಡಿದಳು. ನಮ್ಮ ಕಡೆ 'ಹಿಂದೆ' ಎನ್ನುವುದು ಬಾಯಲ್ಲಿ 'ಇಂದೆ' ಆಗುತ್ತದೆ. ಈ ದಿನಕ್ಕೆ ಯಾರೂ 'ಇಂದು' ಎನ್ನುವುದಿಲ್ಲ, ಎಲ್ಲರಿಗೂ ಅದು 'ಇವತ್ತು'. ಈ ಊರಿನ ಪಕ್ಕದಲ್ಲೇ ಹುಟ್ಟಿ ಬೆಳೆದು, ಕನ್ನಡ ಪಾಠ ಮಾಡಿ ಸಂಬಳ ಎಣಿಸುವ ನನಗೆ ಅದು ಹೊಳೆಯಲಿಲ್ಲ. ತಪ್ಪು ಬೀಗದ ಕೈ ಕೊಟ್ಟಿದ್ದೆ. ಅದನ್ನೇ ಹಿಡಿದು ಬಾವ ಇಡೀ ಸಿನಿಮಾ ನೋಡಿ, ಎಲ್ಲಿ ತಾಳೆಯಾಗುತ್ತಿಲ್ಲ ಎನ್ನುವ ಜಾಗಕ್ಕೆ ಸರಿಯಾಗಿ ಬೆರಳಿಟ್ಟಿದ್ದರು. ಇಂಥ ಸಿನಿಮಾ ಮಾಡುವವರು ಆ ನೆಗ್ಗನ್ನು ಇಡುವುದೇ ಅದಕ್ಕೆ. ನಾನು ಎರಡು ಸಲ ನೋಡಿದ್ದರೂ ಪೆಟ್ಟಿಗೆಯ ಮೂಲೆ ಗಮನಿಸಿರಲಿಲ್ಲ. ಅದನ್ನು ಮಾತ್ರ ಹೇಳಲಿಲ್ಲ.

ಅವತ್ತು ಮಧ್ಯಾಹ್ನ ಐದನೆಯದನ್ನು ಹಾಕಿದೆ, ಎಲ್ಲಕ್ಕಿಂತ ಕಷ್ಟದ್ದು. ಅದರಲ್ಲಿ ಬಣ್ಣದ ಗುರುತಿಲ್ಲ, ಗಾಯವಿಲ್ಲ, ಎದ್ದು ಕೂರುವವರಿಲ್ಲ. ಒಂದು ಮದುವೆ ಮನೆಯ ಊಟ ನಾಲ್ಕು ಸಲ ಬರುತ್ತದೆ. ಪ್ರತಿ ಸಲವೂ ಒಂದು ಕುರ್ಚಿ ಕಡಿಮೆ. ಹಿನ್ನೆಲೆಯಲ್ಲಿ ಹೆಂಗಸೊಬ್ಬಳು 'ಅವತ್ತು ಮಳೆ' ಎನ್ನುತ್ತಾಳೆ, ತೆರೆಯ ಮೇಲೆ ಸುಡುವ ಬಿಸಿಲು. ನನಗೆ ಕಂಡಂತೆ, ಕೊನೆಗೆ ಬಾಗಿಲು ತಟ್ಟಿದ ಸದ್ದು, ಅವಳು ತಿರುಗಿ ನೋಡುತ್ತಾಳೆ, ಮುಗಿಯಿತು.

"ಬಾಗ್ಲು ತಟ್ಟಿದ್ದು ಯಾರು ಮೇಷ್ಟ್ರೆ?"

ಸತ್ತ ಗಂಡ ಎಂದೆ. ಆಮೇಲೆ, ಅದು ಅವಳದೇ ಸುಪ್ತ ಮನಸ್ಸು ಎಂದೆ. ಆಮೇಲೆ ಕಾಲವೇ ಬಾಗಿಲು ತಟ್ಟುತ್ತಿದೆ ಎಂದೂ ಸೇರಿಸಿದೆ. ಹೋಟೆಲಿನ ಮೇಜಿನಲ್ಲಿ ಕೂತು ವಿವರಿಸುವವನ ದನಿ ನನ್ನ ಗಂಟಲಿನಿಂದಲೇ ಬರುತ್ತಿತ್ತು.

"ಯಾವ್ದಾದ್ರೂ ಒಂದು ಹೇಳಿ" ಎಂದರು ಬಾವ. ಮಗಳ ಕಡೆ ತಿರುಗಿದರು. "ನೀನೇಳವ್ವ."

"ಗೊತ್ತಿಲ್ಲ ಅಪ್ಪ" ಎಂದಳು ಅವಳು. "ಅವರು ಬೇಕೂಂತ್ಲೇ ತೋರ್ಸಿಲ್ಲ. ಆದ್ರೆ ಇದು ನೋಡು." ರಿಮೋಟ್ ಹಿಡಿದು ಹಿಂದಕ್ಕೆ ಹೋದಳು. ಬಾಗಿಲ ಸದ್ದು ಸಿನಿಮಾದಲ್ಲಿ ಮೂರು ಸಲ ಬಂದಿತ್ತು. ಮೊದಲೆರಡು ಸಲ ಸದ್ದಾದ ಮೇಲೆ ಆ ಹೆಂಗಸಿನ ಮುಖ, ಆಮೇಲೆ ಬಾಗಿಲು. ಮೂರನೆಯ ಸಲ ಮುಖ ಮೊದಲು ತಿರುಗುತ್ತದೆ, ಸದ್ದು ಆಮೇಲೆ. "ತಟ್ಟೋಕೆ ಮುಂಚೇನೇ ತಿರುಗ್ತಾಳೆ. ಕಾಯ್ತಾ ಕೂತಿದ್ದಾಳೆ. ಅಷ್ಟೇ ನಂಗೆ ಗೊತ್ತಾಗೋದು. ಸದ್ದು ಒಂಚೂರು ಹಿಂದೆ ಮುಂದೆ ಜರುಗಿಸಿದ್ದಾರೆ, ಇದೇ ನಾನು ಕಲಿಯೋದು."

ಬಾವ ಆ ತುಣುಕನ್ನು ಮತ್ತೆ ಹಾಕಿಸಿ ನೋಡಿದರು. ಅರ್ಜಿಯನ್ನು ಮಾತ್ರ ಕೇಳಲಿಲ್ಲ. ನನಗೆ ತಡೆಯಲಾಗಲಿಲ್ಲ. ಸಹಿ ಬೀಳುವುದಾದರೆ ನನ್ನ ಮಾತಿನಿಂದ ಬೀಳಲಿ ಎಂದುಕೊಂಡು, ಎಲ್ಲ ಕಡೆ ಹೇಳಿ ಸವೆದ ನನ್ನ ಕಥೆ ತೆಗೆದೆ. "ನಾನೂ ಇವಳ ವಯಸ್ಸಿನಲ್ಲಿ ಸಿನಿಮಾ ಕಲಿಯಬೇಕು ಅಂತಿದ್ದೆ ಬಾವ. ನಮ್ಮಪ್ಪ ಬೇಡ ಅಂದ್ರು. ಜಗಲಿ ಮೇಲೆ ಕೂತು ತಲೆ ಆಡಿಸಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ನೀವು ಹಾಗೆ ಮಾಡಬೇಡಿ."

ಅಕ್ಕ ಲೋಟಗಳನ್ನು ತೆಗೆದುಕೊಳ್ಳುತ್ತಿದ್ದವಳು ನಿಂತಳು. "ಅಪ್ಪ ಯಾವತ್ಲಾ ಬ್ಯಾಡ ಅಂದ್ರು?"

"ಜಗಲಿ ಮೇಲೆ..."

"ಜಗಲಿ ಮ್ಯಾಲೆ ಕೂತು ಬ್ಯಾಡ ಅಂದಿದ್ದು ನಂಗೆ ಕಣ್ಲಾ. ನಾನು ನರ್ಸಿಂಗ್ ಓಯ್ತೀನಿ ಅಂದಾಗ. ನೀನು ಪಕ್ಕದಾಗೆ ನಿಂತ್ಕಂಡು ನೋಡ್ತಿದ್ದೆ." ದನಿಯಲ್ಲಿ ಸಿಟ್ಟಿರಲಿಲ್ಲ. "ನೀನು ಏನೂ ಕೇಳ್ಳೇ ಇಲ್ಲ. ಕೇಳಿದ್ರೆ ಗದ್ದೆ ಮಾರಿ ಕಳಿಸ್ತಿದ್ರು, ಗಂಡು ಮಗ."

ಯಾರೂ ನಗಲಿಲ್ಲ. ಬಾವ ಮಗಳ ಕೈಯಿಂದ ಅರ್ಜಿ ತೆಗೆದುಕೊಂಡು, ಮಡಿಚಿದ ಪೇಪರಿನ ಮೇಲಿಟ್ಟು ಸಹಿ ಹಾಕಿದರು. "ಗೊತ್ತಿಲ್ಲ ಅನ್ನಾಕೆ ಬತ್ತದೆ ಇವಳಿಗೆ. ಕಲಿತಾಳೆ" ಎಂದರು ಹೆಂಡತಿಗೆ, ನನಗಲ್ಲ. ಅಕ್ಕ ಆ ಸಹಿಯನ್ನು ಬಹಳ ಹೊತ್ತು ನೋಡುತ್ತಾ ನಿಂತಿದ್ದಳು.

ಮಳವಳ್ಳಿಯಿಂದ ಹೊರಟ ಬಸ್ಸಿನಲ್ಲಿ ಕೂತು ಆ ಜಗಲಿಯನ್ನು ಮತ್ತೆ ನೆನೆಯಲು ನೋಡಿದೆ. ಅಪ್ಪ ತಲೆ ಆಡಿಸುವುದು ಹಾಗೆಯೇ ಕಾಣಿಸಿತು. ಆದರೆ ಅಪ್ಪನ ಕಣ್ಣು ನನ್ನ ಕಡೆ ಇರಲಿಲ್ಲ. ಅದು ನೋಡುತ್ತಿದ್ದ ಕಡೆ ಲಂಗದಾವಣಿ ಹಾಕಿಕೊಂಡು ಅಕ್ಕ ನಿಂತಿದ್ದಳು, ಕೈಯಲ್ಲಿ ಅರ್ಜಿ ಹಿಡಿದುಕೊಂಡು. ಮೂವತ್ತು ವರ್ಷ ನಾನು ಅವಳನ್ನು ಕತ್ತರಿಸಿ ತೆಗೆದು, ಆ ಜಾಗದಲ್ಲಿ ನನ್ನನ್ನು ಅಂಟಿಸಿಕೊಂಡಿದ್ದೆ.