ಎಂಟು ರೂಪಾಯಿಯ ಕಂತು

1964ನೆಯ ಇಸವಿ ಜೂನ್ ಒಂದು, ಬೆಳಗ್ಗೆ ಹತ್ತೂವರೆ ಗಂಟೆ. ಶಿರಾ ಪೇಟೆಯ ಬಟ್ಟೆ ಅಂಗಡಿಯಲ್ಲಿ ಇದ್ದವರು ಮೂವರು: ಗಲ್ಲಾದ ಮುಂದೆ ಸಾಹುಕಾರರು, ಚಾಪೆಯ ಮೇಲೆ ನಾನು, ನನ್ನ ಪಕ್ಕದಲ್ಲಿ ಕಳ್ಳಂಬೆಳ್ಳದಿಂದ ಬಂದ ನನ್ನಕ್ಕ.

ನಾನಾಗ ಮಧುಗಿರಿಯ ಆಸ್ಪತ್ರೆಯಲ್ಲಿ ಹೆರಿಗೆ ನರ್ಸು. ನಾಲ್ಕು ವರ್ಷದ ಹಿಂದೆ ತಮ್ಮನ ಕಾಲಿನ ಆಪರೇಷನ್ನಿಗೆ ಹಣ ಬೇಕಾದಾಗ ಅಕ್ಕ ತನ್ನ ಎರಡು ಚಿನ್ನದ ಬಳೆಗಳನ್ನು ಬಿಚ್ಚಿಕೊಟ್ಟಿದ್ದಳು. ಅವನ್ನು ಇದೇ ಅಂಗಡಿಯಲ್ಲಿ ಅಡವಿಟ್ಟು ಐನೂರು ರೂಪಾಯಿ ತಂದಿದ್ದೆ. ತೀರಿಸುವ ಭಾರ ನನ್ನದು. ಪ್ರತಿ ತಿಂಗಳು ಒಂದನೇ ತಾರೀಖು, ಡ್ಯೂಟಿಗೆ ಹೋಗುವ ಮುಂಚೆ, ಅಂಚೆ ಕಚೇರಿಯಲ್ಲಿ ಎಂಟು ರೂಪಾಯಿ ಮನಿಯಾರ್ಡರ್ ಮಾಡುತ್ತಿದ್ದೆ. ಒಂದು ತಿಂಗಳೂ ತಪ್ಪಿರಲಿಲ್ಲ. ನರ್ಸಿಂಗ್ ಹಾಸ್ಟೆಲಿನಲ್ಲಿ ಗಂಟೆಗೆ ಸರಿಯಾಗಿ ಎದ್ದು ಬೆಳೆದವಳು ನಾನು. ಸಾಲ ತಿಂದು ಸುಮ್ಮನಿರುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ.

ಅಕ್ಕನ ಮಗಳ ಮದುವೆ ಹದಿನೈದು ದಿನಕ್ಕಿತ್ತು. ಎರಡು ಬಳೆ ಹಾಕುತ್ತೇವೆಂದು ಭಾವ ಗಂಡಿನವರಿಗೆ ಮಾತು ಕೊಟ್ಟಿದ್ದರು. ನನ್ನ ಲೆಕ್ಕದಲ್ಲಿ ಆ ತಿಂಗಳ ಕಂತೂ ಸೇರಿ ಮುನ್ನೂರ ಎಂಬತ್ತಕ್ಕೂ ಹೆಚ್ಚು ಸಂದಿತ್ತು, ನೂರು ಚಿಲ್ಲರೆ ಬಾಕಿ, ಬಡ್ಡಿಗೆ ಅಂತ ಇನ್ನೊಂದಿಷ್ಟು. ಆ ತಿಂಗಳ ಎಂಟು ರೂಪಾಯಿಯ ಜೊತೆಗೆ ನೂರೈವತ್ತು ತಂದಿದ್ದೆ.

"ಬಳೆ ಕೊಡಿ ಸಾಹುಕಾರ್ರೇ, ಪೂರ್ತಿ ತೀರಿಸಿಬಿಡ್ತೀನಿ" ಎಂದೆ. ದನಿಯಲ್ಲಿ ಜಂಭ ಇತ್ತು ಅಂತ ಈಗ ಅನ್ನಿಸುತ್ತದೆ.

ಅವರು ಎಂಟು ರೂಪಾಯಿ ಜಮಾ ಮಾಡಿಕೊಂಡು ಲೆಕ್ಕ ಹಾಕಿದರು. "ಇನ್ನು ಬಾಕಿ ನಾನೂರ ಅರವತ್ತೈದು ನರ್ಸಮ್ಮ. ಚಿಲ್ಲರೆ ಬುಟ್ಟಿದೀನಿ."

"ಏನಂದ್ರಿ? ನಾಲ್ಕು ವರ್ಷ ಕಟ್ಟಿದೀನಿ!"

"ಕಟ್ಟಿದೀರಿ. ನಿಮ್ಮಂಗೆ ಕಟ್ಟೋರು ಈ ಪೇಟೇಲೇ ಇಲ್ಲ. ನೂರಕ್ಕೆ ತಿಂಗಳಿಗೆ ಒಂದೂವರೆ ಬಡ್ಡಿ. ಐನೂರಕ್ಕೆ ಎಷ್ಟಾಯ್ತು?"

"ಏಳೂವರೆ."

"ನೀವು ಕಳಿಸಿದ್ದು ಎಂಟು. ಏಳೂವರೆ ಬಡ್ಡಿಗೆ ಹೋಯ್ತು, ಅಸಲಿಗೆ ಬಿದ್ದಿದ್ದು ಎಂಟಾಣೆ. ಮುಂದಿನ ತಿಂಗಳು ನಾನೂರ ತೊಂಬತ್ತೊಂಬತ್ತೂವರೆಗೆ ಬಡ್ಡಿ. ಅದು ಮುಕ್ಕಾಲು ಪೈಸೆ ಇಳೀತದೆ, ಅಷ್ಟೇ. ಅಸಲು ಇಳೀದೆ ಬಡ್ಡಿ ಹೆಂಗೆ ಇಳೀತದೆ ಹೇಳಿ? ಹದಿನೈದು ಕಟ್ಟಿ ಅಂತ ಆವತ್ತೇ ಅಂದೆ. ನೀವೇ, ಎಂಟಕ್ಕಿಂತ ಜಾಸ್ತಿ ಬೇಡ ಅಂದ್ರಿ."

ಹೌದು, ನಾನೇ ಅಂದಿದ್ದೆ. ಎಂಟಾದರೆ ಸಂಬಳದಲ್ಲಿ ಗೊತ್ತೇ ಆಗುವುದಿಲ್ಲ ಎಂದು ಅಕ್ಕನ ಮುಂದೆ ಹೇಳಿಕೊಂಡಿದ್ದೆ ಕೂಡ. ಕಳಿಸಿದ ದಿನ ಸರಿಯಾಗಿದ್ದರೆ ಸಾಕು, ಸಾಲ ತಾನಾಗಿ ಕರಗುತ್ತದೆ ಎಂದುಕೊಂಡಿದ್ದೆ. ಬಾಕಿ ಎಷ್ಟು ಎಂದು ಒಂದು ಸಲವೂ ಕೇಳಿರಲಿಲ್ಲ.

ಅಕ್ಕ ಸೆರಗು ಎಳೆದುಕೊಂಡಳು. "ಲೇ, ಮದುವೆ ಹೊತ್ಗೆ ಬಳೆ ಬಂದ್ಬುಡ್ತವೆ ಅಂದಿದ್ಯಲ್ಲೇ! ಓದ್ದೋಳು ಅಂತ ನಂಬಿದ್ದೆ ಕಣೇ."

ಅಂಗಡಿಯ ಬಾಗಿಲಲ್ಲಿ ಯಾರೋ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದರು. ಅವರ ಕಿವಿಗೆ ಬೀಳದಿರಲಿ ಎಂದು ಬೇಡಿಕೊಂಡೆ.

"ಒಂದು ಬಳೆಯನ್ನಾದರೂ ಕೊಡಿ" ಎಂದೆ, ಮೆಲ್ಲಗೆ.

ಸಾಹುಕಾರರು ಯೋಚಿಸಿದರು. ನೂರೈವತ್ತು ಅಷ್ಟೂ ಅಸಲಿಗೆ ಜಮಾ ಮಾಡಿದರೆ ಉಳಿಯುವುದು ಮುನ್ನೂರ ಹದಿನೈದು. ಅದಕ್ಕೆ ಒಂದೇ ಬಳೆಯ ಆಧಾರ ಸಾಲದೇನೋ ಎಂದು ತಕ್ಕಡಿ ತೆಗೆದು ತೂಗಿದರು. ಕೊನೆಗೆ, "ತಪ್ಪದೆ ಕಟ್ಟೋರು ಅಂತ ಕೊಡ್ತಿದೀನಿ. ಆದ್ರೆ ಇನ್ಮೇಲೆ ಹದಿನೈದು. ಎಂಟೇ ಕಳಿಸಿದ್ರೆ ಇನ್ನೂ ಐದು ವರ್ಷ. ಹದಿನೈದಾದ್ರೆ ಎರಡು ವರ್ಷ ದಾಟಿ ಒಂದೋ ಎರಡೋ ತಿಂಗಳು" ಎಂದರು.

ಒಪ್ಪಿದೆ. ಬಳೆಯನ್ನು ಅಕ್ಕನ ಕೈಗಿಟ್ಟೆ. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಎದ್ದಳು. ಹೊರಗೆ ಬಂದ ಮೇಲೆ, "ನಿಮ್ಮ ಭಾವಂಗೆ ನಾನೇನು ಹೇಳಲಮ್ಮ? ನೀನೇ ಬಂದು ಹೇಳು" ಎಂದಳು.

ನನ್ನ ಡ್ಯೂಟಿ ಇದ್ದದ್ದು ಮರುದಿನ ಬೆಳಗ್ಗೆ. ಅವಳ ಜೊತೆ ಕಳ್ಳಂಬೆಳ್ಳದ ಬಸ್ಸು ಹತ್ತಿದೆ.

ಭಾವ ಜಗುಲಿಯ ಮೇಲೆ ಚಪ್ಪರದ ಗಳ ಎಣಿಸುತ್ತಿದ್ದರು. ನಿಂತೇ ಹೇಳಿದೆ: ಬಡ್ಡಿ ಎಷ್ಟು, ಕಳಿಸಿದ್ದು ಎಷ್ಟು, ಉಳಿದದ್ದು ಎಷ್ಟು, ಕಂತು ಕಡಿಮೆ ಮಾಡಿಸಿಕೊಂಡವಳು ನಾನೇ. ಅವರು ಬಳೆಯನ್ನು ತಿರುಗಿಸಿ ನೋಡಿದರು.

"ಒಂದು ಕೈಗೆ ಚಿನ್ನ, ಇನ್ನೊಂದಕ್ಕೆ ಗಾಜು. ಬೀಗರು ನಗಲ್ವಾ?"

"ನಗ್ತಾರೆ ಭಾವ. ನಾನು ಈಗಲೇ ಅವರ ಮನೆಗೆ ಹೋಗಿ, ಇನ್ನೊಂದು ಬಳೆ ಎರಡು ವರ್ಷ ಬಿಟ್ಟು ಬರುತ್ತೆ, ತಪ್ಪು ನನ್ನದು ಅಂತ ಹೇಳ್ತೀನಿ."

ಅವರು ಬೇಡ ಅನ್ನಲಿಲ್ಲ. ಗಂಡಿನ ಮನೆ ಕೆರೆಯ ಆಚೆ ಬದಿಯ ಹಳ್ಳಿಯಲ್ಲಿ. ಹೋದೆ. ಹುಡುಗನ ತಾಯಿ ಮಣೆ ಹಾಕಿದರು, ನಾನು ಕೂರಲಿಲ್ಲ. ಅದೇ ಲೆಕ್ಕವನ್ನು ಮತ್ತೊಮ್ಮೆ ಹೇಳಿದೆ. ಆಕೆ, "ಎರಡು ವರ್ಷ ಅಂದ್ರೆ ಎರಡೇ ವರ್ಷ ತಾನೇ ನರ್ಸಮ್ಮ?" ಎಂದರು. "ಒಂದೆರಡು ತಿಂಗಳು ಮೇಲಾಗಬಹುದು" ಎಂದು, ಅವರು ಕೊಟ್ಟ ನೀರು ಕುಡಿದು, ಶಿರಾ ಕಡೆಯ ಸಂಜೆ ಬಸ್ಸಿಗೆ ನಡೆದೆ.