ಇನ್ಫೋ ವಿಳಾಸದಲ್ಲಿ ಯಾರಿದ್ದಾರೆ

ರಾಜಾಜಿನಗರದ ಒಂದು ಸಣ್ಣ ಕಚೇರಿಯಲ್ಲಿ ಲೇತ್ ಯಂತ್ರಗಳ ಕಟಿಂಗ್ ಆಯಿಲ್ ಮಾರುತ್ತಿದ್ದೆವು. ಹೊಸ ಆಯಿಲ್ ಬಂದಾಗಲೆಲ್ಲ ಪೀಣ್ಯ, ಲಗ್ಗೆರೆಯ ವರ್ಕ್‌ಶಾಪ್‌ಗಳಿಗೆ ಇಮೇಲ್ ಕಳಿಸುವುದು ನನ್ನ ಪಾಲಿನ ಕೆಲಸ. ಹಿಂದಿನ ಸಲ ಕಳಿಸಿದ್ದರಲ್ಲಿ ರಾಶಿ ರಾಶಿ ತಲುಪದೆ ಬೌನ್ಸ್ ಆಗಿ ವಾಪಸು ಬಂದಿದ್ದವು. ಇನ್ನೊಮ್ಮೆ ಹೀಗಾದರೆ ಖಾತೆಯನ್ನೇ ಮುಚ್ಚುತ್ತೇನೆಂದು ನಮಗೆ ಮೇಲ್ ಸರ್ವರ್ ಕೊಟ್ಟಿದ್ದವನು ಹೇಳಿಬಿಟ್ಟಿದ್ದ. ಅದು ಮುಚ್ಚಿದರೆ ಗಿರಾಕಿಗಳ ಆರ್ಡರೂ ಬರುವುದಿಲ್ಲ. ಯಜಮಾನರ ಮುಖದಲ್ಲಿ ಕಳೆಯೇ ಇರಲಿಲ್ಲ.

ಹಾಗಾಗಿ ಪಟ್ಟಿಯನ್ನು ತೊಳೆಯಲು ಕೂತೆ. ವಸ್ತುಪ್ರದರ್ಶನದಲ್ಲಿ ಸಿಕ್ಕ ವಿಸಿಟಿಂಗ್ ಕಾರ್ಡುಗಳಿಂದ ಮಾಡಿದ ಪಟ್ಟಿ ಅದು. ಚುಕ್ಕಿ ಬಿಟ್ಟುಹೋದ ವಿಳಾಸಗಳನ್ನು ತಿದ್ದಿದೆ, ಮುಚ್ಚಿಹೋದ ಡೊಮೇನ್‌ಗಳನ್ನು ತೆಗೆದೆ. ಉಳಿದವುಗಳಿಗೆ ಕಂಪ್ಯೂಟರಿನ ಕಪ್ಪು ತೆರೆಯಲ್ಲಿ ಕಮಾಂಡ್ ಟೈಪಿಸಿ, ಆಯಾ ಕಂಪನಿಯ ಮೇಲ್ ಸರ್ವರ್‌ನ ಬಾಗಿಲು ತಟ್ಟಿ, ಇಂಥವರಿಗೆ ಪತ್ರವಿದೆ, ಇದ್ದಾರಾ ಎಂದು ಕೇಳಿ, ಉತ್ತರ ಬಂದೊಡನೆ ಪತ್ರ ಕೊಡದೆ ವಾಪಸಾಗುತ್ತಿದ್ದೆ. ನನಗೆ ಅದೊಂದು ಹುಚ್ಚೇ ಹಿಡಿಯಿತು. ಒಂದು ಸರ್ವರ್ ಕೇಳಿದ ಹೆಸರಿಗೆಲ್ಲ ಹೂಂ ಅಂದಿತು. ಬಾಯಿಗೆ ಬಂದ ಒಂದು ಸುಳ್ಳು ಹೆಸರು ಕೊಟ್ಟೆ, ಅದಕ್ಕೂ ಹೂಂ. ಹೌದಪ್ಪನ ಚಾವಡಿಯಲ್ಲಿ ಇಲ್ಲ ಅನ್ನುವವರು ಯಾರು? ಅಂಥ ಉತ್ತರವನ್ನು ನಂಬುವಂತಿಲ್ಲ.

ಕೊನೆಗೆ ಇನ್ಫೋ, ಸೇಲ್ಸ್, ಅಡ್ಮಿನ್ ಎಂದು ಶುರುವಾಗುವ ವಿಳಾಸಗಳು. ಅವು ಕುರ್ಚಿಯ ವಿಳಾಸಗಳು, ಮನುಷ್ಯರವಲ್ಲ. ಒಬ್ಬ ಕೆಲಸ ಬಿಟ್ಟುಹೋದರೆ ನೋಡುವವರಿಲ್ಲದೆ ಪೆಟ್ಟಿಗೆ ತುಂಬಿ ಪತ್ರ ವಾಪಸು ಬರುತ್ತದೆ, ಇಲ್ಲವೇ ಅಲ್ಲಿ ಕೂತವನು ಸಿಟ್ಟಾಗಿ ಸ್ಪ್ಯಾಮ್ ಒತ್ತುತ್ತಾನೆ ಎಂದು ಸರ್ವರಿನವನು ಹೇಳಿದ್ದ. ಎಲ್ಲವನ್ನೂ ಅಳಿಸಿದೆ. ಪಟ್ಟಿ ಬಡಕಲಾಯಿತು. ಹಾಗೆ ಅಳಿಸಿಹೋದವರು ನಿಜವಾಗಿ ಯಾರು ಎಂಬ ಕುತೂಹಲ ಮಾತ್ರ ನನ್ನನ್ನು ಬಿಡಲಿಲ್ಲ. ಲಗ್ಗೆರೆಯ ಒಂದು ವರ್ಕ್‌ಶಾಪಿಗೆ ಫೋನ್ ಮಾಡಿದೆ.

ಎತ್ತಿದವರು ಹೆಂಗಸು. ಹಿಂದೆ ಮೆಷೀನ್ ಓಡುವ ಸದ್ದು. ಇನ್ಫೋಗೆ ಬರುವ ಮೇಲ್ ಯಾರು ನೋಡುತ್ತಾರೆ ಎಂದು ಕೇಳಿದೆ.

"ನಾನೇ ಕಣಪ್ಪ. ಆಯಿಲ್ ತರಿಸೋದೂ ನಾನೇ, ಮಿಷಿನ್ ಒರೆಸೋದೂ ನಾನೇ. ಬೇರೆ ಮೇಲ್ ಇಲ್ಲ ನಂಗೆ. ಯಾಕೆ?"

ಅವರ ವಿಳಾಸವನ್ನು ಪಟ್ಟಿಯಿಂದ ತೆಗೆದಿದ್ದನ್ನೂ ಅದರ ಕಾರಣವನ್ನೂ ಹೇಳಿದೆ. ಅವರು, ನಿಮ್ಮ ಮೇಲ್ ಯಾವುದು ಎಂದರು. ನಮ್ಮದೂ ಇನ್ಫೋ ಎಂದೇ ಶುರುವಾಗುತ್ತಿತ್ತು. ಅದನ್ನು ದಿನಾ ತೆರೆಯುತ್ತಿದ್ದವನು ನಾನೊಬ್ಬನೇ. ನಾಲಿಗೆ ಕಚ್ಚಿಕೊಂಡು ಹೇಳಿದೆ.

"ಹಂಗಾದ್ರೆ ನಿಮ್ಮನ್ನೂ ಯಾರೋ ತೆಗ್ದಿರ್ತಾರೆ ಬಿಡಿ" ಎಂದು ನಕ್ಕರು.

ನನಗೂ ನಗು ಬಂತು, ಜೊತೆಗೆ ಯಾಕೋ ಚುರುಕ್ ಎಂದಿತು. ಅವರ ಒಪ್ಪಿಗೆ ಕೇಳಿ ಆ ವಿಳಾಸವನ್ನು ಮತ್ತೆ ಸೇರಿಸಿದೆ. ತೆಗೆದಿದ್ದ ಉಳಿದವರಿಗೂ ಫೋನ್ ಮಾಡಿ, ಒಬ್ಬರೇ ನೋಡುವ, ಅವರೇ ಕಳಿಸಿ ಎಂದು ಒಪ್ಪಿದ ವಿಳಾಸಗಳನ್ನಷ್ಟೇ ಮತ್ತೆ ಸೇರಿಸಿಕೊಂಡೆ. ಕಳಿಸಿದಾಗ ಅಲ್ಲೊಂದು ಇಲ್ಲೊಂದು ವಾಪಸು ಬಂತು, ಅಷ್ಟೇ. ಖಾತೆ ಉಳಿಯಿತು. ಯಜಮಾನರು ಎಲ್ಲರಿಗೂ ಕಾಫಿ ತರಿಸಿದರು. ನಾನು ಮಾತ್ರ ಲೋಟ ಹಿಡಿದು, ಯಾರ್ಯಾರ ಪಟ್ಟಿಯಲ್ಲಿ ನಾನು ಬರೀ ಕುರ್ಚಿಯಾಗಿ ಅಳಿಸಿಹೋಗಿದ್ದೇನೋ ಎಂದು ಯೋಚಿಸುತ್ತಾ ಕೂತೆ.